ಊರಿನ ಸಿಮ್ ಬಂದ್ ಆದರೂ ಯುಪಿಐ ನಡೆಯುತ್ತದೆ: ವಿದೇಶಿ ನಂಬರಿನಿಂದ ಮನೆಗೆ ದುಡ್ಡು, ಜೆಸ್ಕಾಂ ಬಿಲ್

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯಿಂದ ಹೊರದೇಶಕ್ಕೆ ಹೋದವರ ಹತ್ತಿರ ಮಾತಾಡಿದರೆ ಒಂದು ದೂರು ಸಾಮಾನ್ಯ. ಊರಿನ ಸಿಮ್‌ಗೆ ರೀಚಾರ್ಜ್ ಮಾಡುವುದು ಮರೆತುಹೋಯಿತು, ನಂಬರು ಬಂದ್ ಆಯಿತು, ಅದರ ಜೊತೆ ಯುಪಿಐ ಕೂಡ ನಿಂತಿತು. ಆಮೇಲೆ ಮನೆಯ ಕರೆಂಟ್ ಬಿಲ್ ಕಟ್ಟಲು ಗೆಳೆಯನಿಗೆ ಹೇಳಬೇಕು, ಅವ್ವನಿಗೆ ದುಡ್ಡು ಕಳಿಸಲು ಪ್ರತಿ ಸಲ ಎಕ್ಸ್‌ಚೇಂಜ್ ಕೌಂಟರಿನ ಮುಂದೆ ನಿಲ್ಲಬೇಕು.

ಇದಕ್ಕೆ 2023ರ ಜನವರಿಯಲ್ಲೇ ಒಂದು ದಾರಿ ಆಗಿದೆ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಅನಿವಾಸಿ ಭಾರತೀಯರು ತಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಅನ್ನುವ, ಹೊರದೇಶದಲ್ಲಿರುವವರಿಗೆಂದೇ ಇರುವ ಖಾತೆಗೆ ಜೋಡಿಸಿದ ವಿದೇಶಿ ನಂಬರಿನಿಂದಲೇ ಯುಪಿಐ ಬಳಸಲು ಒಪ್ಪಿತು. ಮೊದಲು 10 ದೇಶಗಳಿದ್ದವು: ಯುಎಇ, ಸೌದಿ ಅರೇಬಿಯಾ, ಒಮಾನ್, ಕತಾರ್, ಸಿಂಗಾಪುರ, ಹಾಂಗ್‌ಕಾಂಗ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕ, ಬ್ರಿಟನ್. ಆಮೇಲೆ ಫ್ರಾನ್ಸ್ ಮತ್ತು ಮಲೇಷ್ಯಾ ಸೇರಿದವು. ಕುವೈತ್ ಮತ್ತು ಬಹರೈನ್ ಈ ಪಟ್ಟಿಯಲ್ಲಿ ಇಲ್ಲ. ಅಲ್ಲಿರುವವರಿಗೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಕಾರಟಗಿಯ ಒಬ್ಬ ಹುಡುಗನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಸರು ವೀರೇಶ ಅಂತಿರಲಿ. ಶಾರ್ಜಾದಲ್ಲಿ ಎಸಿ ಮೆಕ್ಯಾನಿಕ್. ಅವ್ವ ಕಾರಟಗಿಯಲ್ಲಿ, ತಮ್ಮ ರಾಯಚೂರಿನಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದಾನೆ. ವೀರೇಶನ ಹತ್ತಿರ ಈಗ ಇರುವುದು +971ರಿಂದ ಶುರುವಾಗುವ ನಂಬರ್ ಒಂದೇ.

ಮೊದಲು ಒಂದು ತಪ್ಪು ತಿಳಿವಳಿಕೆ

ವಿದೇಶಿ ನಂಬರಿನಿಂದ ಯುಪಿಐ ಅಂದರೆ ದಿರ್ಹಮ್ ನೇರವಾಗಿ ಊರಿಗೆ ಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಫೋನ್ ನಂಬರಿನ ಕೆಲಸ ನಿಮ್ಮ ಗುರುತು ಹೇಳುವುದಷ್ಟೇ. ದುಡ್ಡು ಹೋಗುವುದು ಭಾರತದ ಬ್ಯಾಂಕಿನಲ್ಲಿರುವ ನಿಮ್ಮ ರೂಪಾಯಿ ಖಾತೆಯಿಂದ. ಹಾಗಾಗಿ ಸಂಬಳದ ದುಡ್ಡನ್ನು ಎಕ್ಸ್‌ಚೇಂಜ್ ಹೌಸ್ ಅಥವಾ ಅಲ್ಲಿನ ಬ್ಯಾಂಕಿನ ಮೂಲಕ ನಿಮ್ಮ ಖಾತೆಗೆ ಹಾಕುವ ಕೆಲಸ ತಪ್ಪುವುದಿಲ್ಲ. ತಪ್ಪುವುದು ಅದಾದ ಮೇಲಿನ ಓಡಾಟ. ಅವ್ವನಿಗೆ ಒಂದು ಸಲ, ತಮ್ಮನಿಗೆ ಒಂದು ಸಲ, ಬಿಲ್ಲಿಗೆ ಇನ್ನೊಂದು ಸಲ ಅಂತ ಮೂರು ಸಲ ಕಮಿಷನ್ ಕೊಡುವ ಬದಲು, ತಿಂಗಳಿಗೆ ಒಂದೇ ಸಲ ದೊಡ್ಡ ಮೊತ್ತ ಹಾಕಿಕೊಂಡು ಊರಿನ ಪಾವತಿಗಳನ್ನೆಲ್ಲ ಯುಪಿಐನಲ್ಲಿ ಮಾಡಬಹುದು.

ಹಂತ 1: ಖಾತೆ ಯಾವುದು ನೋಡಿ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವೀರೇಶ ಊರು ಬಿಡುವ ಮೊದಲು ತೆರೆದ ಖಾತೆ ಸಾದಾ ಉಳಿತಾಯ ಖಾತೆ. ಅದಕ್ಕೆ ವಿದೇಶಿ ನಂಬರ್ ಜೋಡಿಸಿ ಯುಪಿಐ ನಡೆಸಲು ಆಗುವುದಿಲ್ಲ. ಅಷ್ಟೇ ಅಲ್ಲ, ಕೆಲಸಕ್ಕೆಂದು ಹೊರದೇಶದಲ್ಲಿ ನೆಲೆಸಿದ ಮೇಲೆ ಸಾದಾ ಖಾತೆಯನ್ನು ಹಾಗೇ ಇಟ್ಟುಕೊಳ್ಳುವುದು ವಿದೇಶಿ ವಿನಿಮಯದ ಫೆಮಾ ಕಾನೂನಿಗೆ ಹೊಂದುವುದಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹೊರದೇಶದ ಸಂಪಾದನೆಗೆ ಎನ್‌ಆರ್‌ಇ ಖಾತೆ ಬೇರೆಯಾಗಿ ತೆರೆಯಬಹುದು.

ಎರಡಕ್ಕೂ ಇರುವ ವ್ಯತ್ಯಾಸ ಇಷ್ಟು. ಎನ್‌ಆರ್‌ಇಗೆ ಬರುವುದು ಹೊರಗಿನ ಸಂಪಾದನೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ದುಡ್ಡನ್ನು ಮತ್ತೆ ಹೊರಗೆ ಒಯ್ಯಲು ಅಡ್ಡಿಯೂ ಇಲ್ಲ. ಎನ್‌ಆರ್‌ಒ ಇರುವುದು ಊರಿನ ಆದಾಯಕ್ಕೆ: ಮನೆ ಬಾಡಿಗೆ, ಗದ್ದೆಯ ಲಾವಣಿ ಇಂಥವು. ಅದರ ಬಡ್ಡಿಗೆ ಬ್ಯಾಂಕು ಶೇ 30ರ ದರದಲ್ಲಿ, ಮೇಲೆ ಸೆಸ್ ಸೇರಿಸಿ, ತೆರಿಗೆ ಹಿಡಿದುಕೊಳ್ಳುತ್ತದೆ.

ಯುಪಿಐಗೆ ಇದರಿಂದ ಏನಾಗುತ್ತದೆ ಅಂದರೆ, ಎನ್‌ಆರ್‌ಇಯಿಂದ ಊರಿನ ಯಾರ ಖಾತೆಗಾದರೂ ಕಳಿಸಬಹುದು. ಆದರೆ ಊರಿನ ಸಾದಾ ಖಾತೆಯಿಂದ ನಿಮ್ಮ ಎನ್‌ಆರ್‌ಇಗೆ ದುಡ್ಡು ಬರುವಂತಿಲ್ಲ. ಹಿಂದೆ ಸಾಲ ಕೊಟ್ಟಿದ್ದ ಗೆಳೆಯ ವಾಪಸ್ ಕಳಿಸಲು ಹೋದ, ಬಾಡಿಗೆಯವರು ಬಾಡಿಗೆ ಹಾಕಲು ಹೋದರು, ಎರಡೂ ಫೇಲ್ ಆಯಿತು ಅಂದರೆ ಆ್ಯಪ್ ಕೆಟ್ಟಿಲ್ಲ. ಅವರಿಗೆ ಎನ್‌ಆರ್‌ಒ ಖಾತೆಯ ಯುಪಿಐ ಐಡಿ ಕೊಡಬೇಕು, ಅಷ್ಟೇ. ಎನ್‌ಆರ್‌ಒದಿಂದ ನಿಮ್ಮದೇ ಎನ್‌ಆರ್‌ಇಗೆ ಸುಮ್ನೆ ಯುಪಿಐ ಮಾಡಲೂ ಆಗುವುದಿಲ್ಲ. ಅದಕ್ಕೆ ಬ್ಯಾಂಕಿನಲ್ಲಿ ಬೇರೆ ಅರ್ಜಿ, ತೆರಿಗೆ ಕಾಗದಗಳು ಬೇಕು.

ಖಾತೆಗೆ ಸಾಮಾನ್ಯವಾಗಿ ಕೇಳುವುದು ಪಾಸ್‌ಪೋರ್ಟ್, ವೀಸಾ ಅಥವಾ ವಾಸದ ಪರವಾನಗಿ, ಹೊರದೇಶದ ವಿಳಾಸದ ದಾಖಲೆ, ಪ್ಯಾನ್. ರಜೆಗೆ ಊರಿಗೆ ಬಂದಾಗ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು. ಅಲ್ಲಿಂದಲೇ ಮಾಡುವುದಾದರೆ ದಾಖಲೆಗಳಿಗೆ ರಾಯಭಾರ ಕಚೇರಿ ಅಥವಾ ನೋಟರಿಯ ದೃಢೀಕರಣ ಬೇಕಾಗಬಹುದು.

ಬ್ಯಾಂಕು ಯಾವುದು ಅನ್ನುವುದೂ ಮುಖ್ಯ. ಎಲ್ಲ ಬ್ಯಾಂಕ್‌ಗಳೂ ವಿದೇಶಿ ನಂಬರಿನ ಯುಪಿಐ ಕೊಡುವುದಿಲ್ಲ. ಕೆನರಾ, ಐಸಿಐಸಿಐ, ಫೆಡರಲ್, ಐಡಿಎಫ್‌ಸಿ ಫಸ್ಟ್ ಕೊಡುತ್ತವೆ. ನಮ್ಮ ಕಡೆ ಹಳ್ಳಿಗಳಲ್ಲಿ ಮೊದಲ ಖಾತೆ ಇರುವುದು ಹೆಚ್ಚಾಗಿ ಗ್ರಾಮೀಣ ಬ್ಯಾಂಕಿನಲ್ಲಿ. ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕು ಅವ್ವನ ಖಾತೆಗೆ ಸಾಕು, ದುಡ್ಡು ಅಲ್ಲಿಗೆ ಆರಾಮಾಗಿ ಬರುತ್ತದೆ. ಕಳಿಸುವವರ ಖಾತೆ ಮಾತ್ರ ಎನ್‌ಪಿಸಿಐ ಪಟ್ಟಿಯಲ್ಲಿರುವ ಬ್ಯಾಂಕಿನಲ್ಲೇ ಇರಬೇಕು. ಬ್ಯಾಂಕು ಪಟ್ಟಿಯಲ್ಲಿದ್ದರೂ ಎಲ್ಲ ಆ್ಯಪ್‌ಗಳೂ ನಡೆಯುತ್ತವೆ ಅಂತಿಲ್ಲ. ಕೆಲವು ಬ್ಯಾಂಕ್‌ಗಳ ಸೌಲಭ್ಯ ತಮ್ಮದೇ ಆ್ಯಪ್‌ನಲ್ಲಿ ಸಿಗುತ್ತದೆ, ಕೆಲವಕ್ಕೆ ಭೀಮ್ ಆ್ಯಪ್ ಆಗುತ್ತದೆ. ಖಾತೆ ತೆರೆಯುವ ಮೊದಲೇ ಬ್ಯಾಂಕಿನ ಎನ್‌ಆರ್‌ಐ ವಿಭಾಗಕ್ಕೆ ಕೇಳಿ: "ಈ ದೇಶದ ನಂಬರಿನಿಂದ ಯುಪಿಐ ಆಗುತ್ತದಾ? ಯಾವ ಆ್ಯಪ್‌ನಲ್ಲಿ?" ಎರಡಕ್ಕೂ ಸರಿಯಾದ ಉತ್ತರ ಬರದಿದ್ದರೆ ಬೇರೆ ಬ್ಯಾಂಕು ನೋಡಿ.

ಹಂತ 2: ಬ್ಯಾಂಕಿನ ದಾಖಲೆಯಲ್ಲಿ ನಂಬರು ಸರಿಯಾಗಿ ಕೂರಬೇಕು

ವೀರೇಶ ಶಾರ್ಜಾದಲ್ಲಿ ತನ್ನ ನಂಬರನ್ನು 050 ಅಂತ ಶುರುಮಾಡಿ ಹೇಳುವುದು ರೂಢಿ. ಬ್ಯಾಂಕಿನ ಅರ್ಜಿಯಲ್ಲಿ ಹಾಗೇ ಬರೆದರೆ ಕೆಲಸ ಕೆಡುತ್ತದೆ. ಮೊದಲಿನ ಸೊನ್ನೆ ಆ ದೇಶದ ಒಳಗಿನ ಕರೆಗೆ ಮಾತ್ರ. ಹೊರಗಿನಿಂದ ನೋಡಿದರೆ ಅದೇ ನಂಬರು +971 50 ಅಂತ ಶುರುವಾಗುತ್ತದೆ, ನಡುವೆ ಸೊನ್ನೆ ಇಲ್ಲ. ದೇಶದ ಕೋಡ್ ತಪ್ಪಿದರೆ ಅಥವಾ ಸೊನ್ನೆ ಹೆಚ್ಚಾದರೆ, ನೀವು ಆ್ಯಪ್‌ನಲ್ಲಿ ನೋಂದಣಿ ಮಾಡುವಾಗ "ಈ ನಂಬರಿಗೆ ಖಾತೆ ಸಿಗಲಿಲ್ಲ" ಅಂತ ಬರುತ್ತದೆ. ಜನ ಆಗ ಆ್ಯಪ್ ಅಳಿಸಿ ಮತ್ತೆ ಹಾಕುತ್ತಾ ಕೂರುತ್ತಾರೆ. ತಪ್ಪು ಇರುವುದು ಬ್ಯಾಂಕಿನ ಕಂಪ್ಯೂಟರಿನಲ್ಲಿ.

ಪರೀಕ್ಷೆ ಸುಲಭ. ನೆಟ್ ಬ್ಯಾಂಕಿಂಗ್‌ನಲ್ಲಿ ನಿಮ್ಮ ವಿವರ ತೆರೆದು, ನಂಬರ್ ದೇಶದ ಕೋಡ್ ಸಮೇತ ಹೇಗಿದೆ ನೋಡಿ. ಖಾತೆಯ ಸಣ್ಣ ವ್ಯವಹಾರಕ್ಕೆ ಆ ನಂಬರಿಗೆ ಬ್ಯಾಂಕಿನ ಎಸ್‌ಎಂಎಸ್ ಬರುತ್ತಿದೆಯಾ ಅಂತಲೂ ನೋಡಿ. ಬರುತ್ತಿಲ್ಲ ಅಂದರೆ ಮುಂದೆ ಹೋಗಿ ಪ್ರಯೋಜನವಿಲ್ಲ.

ಹಳೆಯ ಊರಿನ ನಂಬರು ಖಾತೆಯಲ್ಲಿ ಉಳಿದಿದ್ದರೆ ತೆಗೆಸಿ. ಪ್ರಿಪೇಯ್ಡ್ ಸಿಮ್ 90 ದಿನ ಬಳಸದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಆಮೇಲೆ ಅದೇ ನಂಬರನ್ನು ಬೇರೆಯವರಿಗೆ ಕೊಡುತ್ತದೆ. ಆಗ ನಿಮ್ಮ ಖಾತೆಯ ಒಟಿಪಿ ಯಾರ ಕೈಯಲ್ಲಿರುತ್ತದೆ ಯೋಚಿಸಿ.

ಹಂತ 3: ಆ ಒಂದು ಎಸ್‌ಎಂಎಸ್

ಯುಪಿಐ ನೋಂದಣಿಯಲ್ಲಿ ಆ್ಯಪ್ ನಿಮ್ಮ ಫೋನಿನಿಂದ ಭಾರತದ ಒಂದು ನಂಬರಿಗೆ ಗುಪ್ತಾಕ್ಷರಗಳಿರುವ ಎಸ್‌ಎಂಎಸ್ ಕಳಿಸುತ್ತದೆ. ಅದು ಯಾವ ಸಿಮ್‌ನಿಂದ ಹೋಯಿತು ನೋಡಿ, ಈ ಫೋನು ಈ ನಂಬರಿನವರದು ಅಂತ ಆ ಕಡೆ ಒಪ್ಪಿಕೊಳ್ಳುತ್ತಾರೆ. ಒಟಿಪಿ ಹಾಗಲ್ಲ. ಒಟಿಪಿ ನಿಮಗೆ ಬರುವುದು, ಇದು ನಿಮ್ಮಿಂದ ಹೋಗುವುದು. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ತೊಂದರೆ ನೀವೇ ಪತ್ತೆ ಹಚ್ಚುತ್ತೀರಿ.

ಭಾರತದಲ್ಲಿ ಈ ಎಸ್‌ಎಂಎಸ್ ಯಾರ ಗಮನಕ್ಕೂ ಬರುವುದಿಲ್ಲ. ಶಾರ್ಜಾದಿಂದ ಹೋಗುವಾಗ ಅದು ಅಂತರರಾಷ್ಟ್ರೀಯ ಎಸ್‌ಎಂಎಸ್. ಡೇಟಾ ಪ್ಯಾಕ್ ಎಷ್ಟೇ ಇದ್ದರೂ ಇದಕ್ಕೆ ಬರುವುದಿಲ್ಲ. ಪ್ರಿಪೇಯ್ಡ್ ಆದರೆ ಸಿಮ್‌ನಲ್ಲಿ ಮಾತಿನ ಬ್ಯಾಲೆನ್ಸ್ ಇರಬೇಕು. ಕಂಪನಿ ಕೊಟ್ಟ ಪೋಸ್ಟ್‌ಪೇಯ್ಡ್ ಸಿಮ್ ಆದರೆ ಹೊರದೇಶಕ್ಕೆ ಎಸ್‌ಎಂಎಸ್ ಕಳಿಸುವುದನ್ನು ಬಂದ್ ಮಾಡಿರಬಹುದು. ಬರೀ ಡೇಟಾ ಕೊಡುವ ಇ-ಸಿಮ್‌ನಿಂದ ಆಗುವುದೇ ಇಲ್ಲ.

ಹಾಗಾಗಿ ಆ್ಯಪ್ ತೆರೆಯುವ ಮೊದಲು ಅದೇ ಸಿಮ್‌ನಿಂದ ಊರಿನ ಯಾರಿಗಾದರೂ ಒಂದು ಸಾದಾ ಎಸ್‌ಎಂಎಸ್ ಕಳಿಸಿ ನೋಡಿ. ವಾಟ್ಸ್‌ಆ್ಯಪ್ ಅಲ್ಲ, ಎಸ್‌ಎಂಎಸ್. ತಮ್ಮನಿಗೆ ತಲುಪಿತು ಅಂದರೆ ದಾರಿ ಸರಿಯಿದೆ. ತಲುಪಲಿಲ್ಲ ಅಂದರೆ ಅಲ್ಲಿನ ಮೊಬೈಲ್ ಕಂಪನಿಗೆ ಫೋನ್ ಮಾಡಿ, ಭಾರತದ ಬ್ಯಾಂಕಿಗೆ ಬೈದು ಉಪಯೋಗವಿಲ್ಲ.

ಎರಡು ಸಿಮ್ ಇರುವ ಫೋನಿನಲ್ಲಿ ಆ್ಯಪ್ "ಯಾವ ಸಿಮ್?" ಅಂತ ಕೇಳುತ್ತದೆ. ಬ್ಯಾಂಕಿನಲ್ಲಿರುವ ನಂಬರಿನ ಸಿಮ್ಮನ್ನೇ ಆರಿಸಿ. ಎಸ್‌ಎಂಎಸ್ ಅನುಮತಿ ಕೊಡಿ. ವಿಪಿಎನ್ ಇದ್ದರೆ ಬಂದ್ ಮಾಡಿ, ಗಲ್ಫ್‌ನಲ್ಲಿ ವಿಡಿಯೊ ಕಾಲ್‌ಗೆಂದು ಬಹಳ ಜನ ಹಾಕಿಕೊಂಡಿರುತ್ತಾರೆ. ನೋಂದಣಿಯಲ್ಲಿ ದೇಶ ಆರಿಸುವ ಜಾಗದಲ್ಲಿ ಮೊದಲೇ ಭಾರತ ಅಂತ ಇರುತ್ತದೆ, ಅದನ್ನು ಬದಲಿಸಿ.

ಆಮೇಲೂ ಆ ಸಿಮ್ ಫೋನಿನಲ್ಲೇ ಇರಬೇಕು. ಸಿಮ್ ತೆಗೆದರೆ, ಫೋನ್ ಬದಲಿಸಿದರೆ ನೋಂದಣಿ ಮತ್ತೆ ಮಾಡಬೇಕಾಗುತ್ತದೆ.

ಹಂತ 4: ಪಿನ್

ಎಸ್‌ಎಂಎಸ್ ಒಪ್ಪಿಗೆ ಆದ ಮೇಲೆ ಆ್ಯಪ್ ನಿಮ್ಮ ಖಾತೆ ತೋರಿಸುತ್ತದೆ. ಪಿನ್ ಇಡಲು ಆ ಖಾತೆಯ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ಜೊತೆಗೆ ಬ್ಯಾಂಕಿನ ಒಟಿಪಿ ಬೇಕು. ಊರಿನಲ್ಲಿರುವವರು ಆಧಾರ್ ಒಟಿಪಿಯಿಂದಲೂ ಪಿನ್ ಇಡುತ್ತಾರೆ. ನಿಮಗೆ ಅದು ಆಗುವುದು ಕಷ್ಟ, ಏಕೆಂದರೆ ಆಧಾರ್‌ಗೆ ವಿದೇಶಿ ನಂಬರು ಜೋಡಿಸಲು ಬರುವುದಿಲ್ಲ. ಕಾರ್ಡು ಅವ್ವನ ಟ್ರಂಕಿನಲ್ಲಿದ್ದರೆ ಫೋಟೊ ತರಿಸಿಕೊಳ್ಳುವ ಯೋಚನೆ ಬರುತ್ತದೆ. ಬೇಡ. ಕಾರ್ಡಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದಕ್ಕಿಂತ, ಅವ್ವ ಆ ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿದರೆ ಸಾಕು. ಅವಧಿ ಮುಗಿದ ಕಾರ್ಡು ನಡೆಯುವುದಿಲ್ಲ. ಒಮ್ಮೆಯೂ ಬಳಸದ ಹೊಸ ಕಾರ್ಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲು ಚಾಲೂ ಮಾಡಬೇಕಾಗಬಹುದು.

ವೀರೇಶನ ಮೊದಲ ತಿಂಗಳು

ಈಗ ಲೆಕ್ಕ ಹಾಕಿ ನೋಡೋಣ. ಸಂಬಳ ಬಂದ ದಿನ ವೀರೇಶ ಎಕ್ಸ್‌ಚೇಂಜ್ ಹೌಸ್‌ನಿಂದ ತನ್ನ ಎನ್‌ಆರ್‌ಇ ಖಾತೆಗೆ ರೂಪಾಯಿ ಲೆಕ್ಕದಲ್ಲಿ 45,000 ಹಾಕಿದ. ಅವ್ವನಿಗೆ 15,000, ತಮ್ಮನ ರೂಮು-ಊಟಕ್ಕೆ 6,500, ಮನೆಯ ಕರೆಂಟ್ ಬಿಲ್ 1,340. ಉಳಿದದ್ದು ಖಾತೆಯಲ್ಲೇ ಇರಲಿ ಅಂತ ಅವನ ಆಸೆ.

ಗುರುವಾರ ಸಂಜೆ ನೋಂದಣಿ ಮುಗಿಯಿತು. ಖುಷಿಯಲ್ಲಿ ಮೊದಲೇ ಅವ್ವನಿಗೆ 15,000 ಹಾಕಲು ಹೋದರೆ ಆಗುವುದಿಲ್ಲ. ಹೊಸದಾಗಿ ನೋಂದಣಿ ಆದ ಮೊದಲ 24 ಗಂಟೆ 5,000 ರೂಪಾಯಿ ಮಾತ್ರ ಮಿತಿ. ಐಫೋನ್ ಆದರೆ ಕೆಲವು ಬ್ಯಾಂಕ್‌ಗಳು 72 ಗಂಟೆ ಕಾಯಿಸುತ್ತವೆ. ಅದಾದ ಮೇಲೆ ಸಾಮಾನ್ಯ ಪಾವತಿಗೆ ದಿನಕ್ಕೆ 1 ಲಕ್ಷದವರೆಗೆ ಹೋಗುತ್ತದೆ, ನಿಮ್ಮ ಬ್ಯಾಂಕು ಅದಕ್ಕಿಂತ ಕಡಿಮೆ ಇಟ್ಟಿರಲೂಬಹುದು. ಹಾಗಾಗಿ ಮೊದಲ ದಿನವನ್ನು ವೀರೇಶ ಪರೀಕ್ಷೆಗೆ ಇಟ್ಟುಕೊಂಡ.

ಅವ್ವನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು, ಯುಪಿಐ ಇಲ್ಲ. ಅದಕ್ಕೆ ಏನೂ ತೊಂದರೆ ಇಲ್ಲ. ಯುಪಿಐ ಆ್ಯಪ್‌ನಲ್ಲಿ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಹಾಕಿ ಕಳಿಸಬಹುದು, ಎರಡೂ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರುತ್ತವೆ. ಪಾಸ್‌ಬುಕ್ ಹಳೆಯದಾಗಿದ್ದರೆ ಒಂದು ಎಚ್ಚರ ಬೇಕು. ಗ್ರಾಮೀಣ ಬ್ಯಾಂಕ್‌ಗಳು 2025ರ ಮೇನಲ್ಲಿ ಒಂದಾದವು, ಹಾಗಾಗಿ ಈಗಿನ ಕೋಡ್ ಏನು ಅಂತ ಶಾಖೆಯಲ್ಲಿ ಕೇಳಿಕೊಳ್ಳಿ. ಮೊದಲು 1 ರೂಪಾಯಿ ಕಳಿಸಿ. ಅವ್ವನಿಗೆ ಎಸ್‌ಎಂಎಸ್ ಬಂತಾ ಅಂತ ಕೇಳಿ. ಬಂದ ಮೇಲೆ ಆ ಖಾತೆಯನ್ನು ಆ್ಯಪ್‌ನಲ್ಲಿ ಉಳಿಸಿಕೊಳ್ಳಿ.

ಶುಕ್ರವಾರ ರಾತ್ರಿ 15,000 ಹೋಯಿತು. ಹೋಗದಿದ್ದರೆ ಎಲ್ಲಿ ನೋಡಬೇಕು? ಅವ್ವನ ಖಾತೆಯಲ್ಲಿ. ನಮ್ಮ ಕಡೆ ಎಷ್ಟೋ ಹೆಂಗಸರ ಖಾತೆ ಪೂರ್ತಿ ಕೆವೈಸಿ ಇಲ್ಲದೆ ತೆರೆದ ಸಣ್ಣ ಖಾತೆ. ಅಂಥ ಖಾತೆಯಲ್ಲಿ ಯಾವಾಗಲೂ 50,000ಕ್ಕಿಂತ ಜಾಸ್ತಿ ಇರುವಂತಿಲ್ಲ, ವರ್ಷಕ್ಕೆ ಒಟ್ಟು ಜಮೆ 1 ಲಕ್ಷ ದಾಟುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ತಿಂಗಳಿಗೆ 15,000 ಹಾಕಿದರೆ ಏಳನೇ ತಿಂಗಳಲ್ಲೇ ವರ್ಷದ ಮಿತಿ ಮುಗಿಯುತ್ತದೆ. ಆ ಖಾತೆಗೆ ಗೃಹಲಕ್ಷ್ಮಿಯ 2,000 ಕೂಡ ಬರುತ್ತಿದ್ದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಆರು ತಿಂಗಳು ಸರಿಯಾಗಿ ಹೋಗುತ್ತಿದ್ದ ದುಡ್ಡು ಇದ್ದಕ್ಕಿದ್ದಂತೆ ವಾಪಸ್ ಬರತೊಡಗಿದರೆ ಇದೇ ಕಾರಣ ಇರಬಹುದು. ಮದ್ದು ಸುಲಭ: ಅವ್ವ ಆಧಾರ್, ಫೋಟೊ, ಪ್ಯಾನ್ ಅಥವಾ ಫಾರ್ಮ್ 60 ತೆಗೆದುಕೊಂಡು ಶಾಖೆಗೆ ಹೋಗಿ ಪೂರ್ತಿ ಕೆವೈಸಿ ಮಾಡಿಸಬೇಕು. ಮಗ ಕಳಿಸಿದ ದುಡ್ಡಿಗೆ ಅವ್ವ ಆದಾಯ ತೆರಿಗೆ ಕಟ್ಟಬೇಕಾಗಿಲ್ಲ, ಹತ್ತಿರದ ಸಂಬಂಧಿಕರ ಉಡುಗೊರೆಗೆ ತೆರಿಗೆ ಇಲ್ಲ.

ಜೆಸ್ಕಾಂ ಬಿಲ್

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗೆ ಕರೆಂಟ್ ಕೊಡುವುದು ಕಲಬುರಗಿಯ ಜೆಸ್ಕಾಂ. ಆ್ಯಪ್‌ನ ವಿದ್ಯುತ್ ಬಿಲ್ ವಿಭಾಗದಲ್ಲಿ ಬೆಸ್ಕಾಂ ಮೇಲೆ ಕೈ ಹೋಗದಂತೆ ನೋಡಿಕೊಳ್ಳಿ. ಮನೆಯ ಹಳೆ ಬಿಲ್ಲಿನ ಫೋಟೊ ಒಂದು ತರಿಸಿಕೊಳ್ಳಿ. ಅದರಲ್ಲಿ ಆರ್‌ಆರ್ ನಂಬರ್ ಬೇರೆ, ಅಕೌಂಟ್ ಐಡಿ ಬೇರೆ. ಊರಿನಲ್ಲಿ ಎಲ್ಲರಿಗೂ ಬಾಯಿಗೆ ಬರುವುದು ಆರ್‌ಆರ್ ನಂಬರು, ಆ್ಯಪ್ ಕೇಳುವುದು ಸಾಮಾನ್ಯವಾಗಿ ಅಕೌಂಟ್ ಐಡಿ.

ಐಡಿ ಹಾಕಿದ ಮೇಲೆ ಆ್ಯಪ್ ಬಿಲ್ಲನ್ನು ತಾನೇ ತರುತ್ತದೆ. ದುಡ್ಡು ಕಟ್ಟುವ ಮೊದಲು ಹೆಸರು ಓದಿ. ಹಳೆಯ ಮನೆಗಳ ಮೀಟರು ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುವುದುಂಟು, ಅದು ಪರವಾಗಿಲ್ಲ. ಗೊತ್ತೇ ಇಲ್ಲದ ಹೆಸರು ಬಂದರೆ ಒಂದಂಕಿ ತಪ್ಪಾಗಿದೆ. ಬೇರೆಯವರ ಬಿಲ್ ಕಟ್ಟಿದರೆ ಆ ದುಡ್ಡು ಯುಪಿಐ ತಪ್ಪಿನಿಂದ ಹೋದದ್ದಲ್ಲ, ತಾನಾಗಿ ವಾಪಸ್ ಬರುವುದಿಲ್ಲ.

ಬಾಕಿ ಸೊನ್ನೆ ಅಂತ ತೋರಿಸಿದರೆ ಗೃಹಜ್ಯೋತಿ ನಡೆಯುತ್ತಿರಬಹುದು, ಸುಮ್ಮನಿರಿ. ಆ ಮನೆಗೆ ಗೊತ್ತುಮಾಡಿದ ಉಚಿತ ಯೂನಿಟ್ ದಾಟಿದರೂ 200ರ ಒಳಗಿದ್ದರೆ ದಾಟಿದ ಭಾಗಕ್ಕೆ ಮಾತ್ರ ಬಿಲ್. 200 ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಕೂಲರ್ ಓಡುವ ಮನೆಗೆ ಏಪ್ರಿಲ್-ಮೇನಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಬಿಲ್ ಬರುವುದು ಹೀಗೆ. ಕಟ್ಟಿದ ಮೇಲೆ ಸಿಗುವ ರಸೀದಿಯ ಸ್ಕ್ರೀನ್‌ಶಾಟ್ ಅವ್ವನಿಗೂ ತಮ್ಮನಿಗೂ ಕಳಿಸಿಬಿಡಿ. ಲೈನ್‌ಮನ್ ಬಂದು ಬಾಗಿಲಿಗೆ ನಿಂತಾಗ ತೋರಿಸಲು ಬೇಕು.

ದುಡ್ಡು ಕಡಿತ ಆಯಿತು, ತಲುಪಲಿಲ್ಲ

ಮೊದಲ ಕೆಲಸ, ಮತ್ತೆ ಕಳಿಸದಿರುವುದು. ಆ್ಯಪ್‌ನಲ್ಲಿ "ಬಾಕಿ" ಅಂತ ಇದ್ದರೆ ಅದು ಇನ್ನೂ ಹೋಗಲೂಬಹುದು. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಜಮೆ ಆಗದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿ, ಬಿಲ್ ಇಂಥ ಪಾವತಿಗೆ 5 ದಿನ. ಅದು ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು. ಆ್ಯಪ್‌ನಲ್ಲಿ ಆ ಪಾವತಿಯ 12 ಅಂಕಿಯ ಯುಟಿಆರ್ ಸಂಖ್ಯೆ ಇರುತ್ತದೆ, ದೂರಿಗೆ ಅದೇ ಬೇಕು. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಸರಿಪಡಿಸದಿದ್ದರೆ `cms.rbi.org.in` ನಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಮೋಸದಿಂದ ಹೋದ ದುಡ್ಡಿನ ವಿಷಯ ಬೇರೆ. ಅಲ್ಲಿ ಗಂಟೆಗಳ ಲೆಕ್ಕ. ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿ, ಜೊತೆಗೇ ಊರಿನಲ್ಲಿ ಯಾರಿಂದಾದರೂ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಕುವೈತ್, ಬಹರೈನ್ ಮತ್ತು ಉಳಿದವರು

ಪಟ್ಟಿಯಲ್ಲಿಲ್ಲದ ದೇಶದಲ್ಲಿದ್ದರೆ ಒಂದು ದಾರಿ ಊರಿನ ಸಿಮ್ಮನ್ನು ಜೀವಂತ ಇಡುವುದು. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳು ಭಾರತದ ನಂಬರಿನಲ್ಲೂ ಯುಪಿಐಗೆ ನಡೆಯುತ್ತವೆ. ಊರು ಬಿಡುವ ಮೊದಲೇ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ಜವಾಬ್ದಾರಿಯನ್ನು ಮನೆಯ ಒಬ್ಬರಿಗೆ ಒಪ್ಪಿಸಿ.

ಬರೀ ಬಿಲ್ ಕಟ್ಟುವುದಾದರೆ ಅದೂ ಬೇಡ. ಭಾರತದ ಬಿಲ್ ಪಾವತಿ ಜಾಲವಾದ ಭಾರತ್ ಕನೆಕ್ಟ್‌ಗೆ, ಮೊದಲು ಬಿಬಿಪಿಎಸ್ ಅನ್ನುತ್ತಿದ್ದರು, ಕೆಲವು ಎಕ್ಸ್‌ಚೇಂಜ್ ಹೌಸ್‌ಗಳು ಜೋಡಣೆಯಾಗಿವೆ. ಕುವೈತ್‌ನಲ್ಲಿ ಲುಲು ಎಕ್ಸ್‌ಚೇಂಜ್ ಫೆಡರಲ್ ಬ್ಯಾಂಕಿನ ಜೊತೆ, ಒಮಾನ್‌ನಲ್ಲಿ ಮುಸಂದಮ್ ಎಕ್ಸ್‌ಚೇಂಜ್ ಕೆನರಾ ಬ್ಯಾಂಕಿನ ಜೊತೆ ಇದನ್ನು ಶುರು ಮಾಡಿದವು. ಇಲ್ಲಿ ನಿಮಗೆ ಭಾರತದ ಖಾತೆಯೂ ಬೇಡ, ಯುಪಿಐಯೂ ಬೇಡ. ಜೆಸ್ಕಾಂ ಅಕೌಂಟ್ ಐಡಿ ಕೊಟ್ಟು, ಬಿಲ್ ಅಲ್ಲಿ ಕಾಣುತ್ತದಾ ನೋಡಿ, ಅಲ್ಲಿನ ದುಡ್ಡಿನಲ್ಲೇ ಕಟ್ಟಬಹುದು. ಸಣ್ಣ ಬಿಲ್ಲಿಗೆ ಕಮಿಷನ್ ಎಷ್ಟು ಅಂತ ಮೊದಲು ಕೇಳಿ.

ಕೆಲಸ ಬಿಟ್ಟು ಊರಿಗೆ ಬರುವಾಗ

ಶಾರ್ಜಾದ ಸಿಮ್ ರದ್ದು ಮಾಡಿ ವಿಮಾನ ಹತ್ತಿದರೆ, ಕಾರಟಗಿಗೆ ಬಂದಿಳಿದಾಗ ಖಾತೆಯಲ್ಲಿ ದುಡ್ಡಿದ್ದರೂ ಒಟಿಪಿ ಬರುವುದಿಲ್ಲ. ಊರಿನ ಹೊಸ ಸಿಮ್ ತೆಗೆದುಕೊಂಡು, ಶಾಖೆಗೆ ಹೋಗಿ ನಂಬರು ಬದಲಾಯಿಸುವವರೆಗೆ ಆ ವಿದೇಶಿ ಸಿಮ್ ರೋಮಿಂಗ್‌ನಲ್ಲಿ ನಡೆಯುತ್ತಿರಲಿ. ಅದೇ ಭೇಟಿಯಲ್ಲಿ, ಕಾಯಂ ಆಗಿ ಮರಳಿದ್ದೇನೆ ಅಂತ ಬರೆದುಕೊಟ್ಟು ಎನ್‌ಆರ್‌ಇ ಮತ್ತು ಎನ್‌ಆರ್‌ಒ ಎರಡನ್ನೂ ಮತ್ತೆ ಸಾದಾ ಖಾತೆಯಾಗಿ ಬದಲಿಸಲು ಅರ್ಜಿ ಕೊಡಿ. ಯುಪಿಐ ನೋಂದಣಿ ಹೊಸ ನಂಬರಿನಿಂದ ಮೊದಲಿನಿಂದ ಆಗುತ್ತದೆ, 24 ಗಂಟೆಯ 5,000 ಮಿತಿಯೂ ಮತ್ತೆ ಬರುತ್ತದೆ. ಆ ಒಂದು ದಿನದ ಖರ್ಚಿಗೆ ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಂಡಿರಿ.